ಕ್ರಿಯಾಪದ ಮಗುವೇ ಬರೆಯಲಿ: ಮೂರನೇ ಕ್ಲಾಸಿನ ‘ನನ್ನ ಮೆಚ್ಚಿನ ಹಬ್ಬ’

ಮೊದಲ ಸಲ ಮೂರನೇ ಕ್ಲಾಸಿಗೆ ‘ನನ್ನ ಮೆಚ್ಚಿನ ಹಬ್ಬ’ ಬರೆಸಿದಾಗ ಬೋರ್ಡಿನ ಮೇಲೆ ಹೀಗೆ ಬರೆದುಕೊಟ್ಟಿದ್ದೆ: ‘ನನ್ನ ಮೆಚ್ಚಿನ ಹಬ್ಬ ____. ಅಂದು ನಾವು ____ ತಿನ್ನುತ್ತೇವೆ. ಮನೆಯನ್ನು ____ನಿಂದ ಅಲಂಕರಿಸುತ್ತೇವೆ.’ ಹತ್ತೇ ನಿಮಿಷಕ್ಕೆ ಎಲ್ಲರೂ ಮುಗಿಸಿದರು. ನೋಟ್‌ಬುಕ್ ತಿದ್ದಲು ಕೂತರೆ, ಹಬ್ಬದ ಹೆಸರು ಬಿಟ್ಟು ಬಾಕಿಯೆಲ್ಲ ಒಂದೇ. ಬರೆದವಳು ನಾನೇ ಅಲ್ವಾ!

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅದನ್ನು ನಾನೇ ಬರೆದು ನಡುವೆ ಜಾಗ ಬಿಟ್ಟರೆ, ಮಗುವಿಗೆ ಉಳಿಯುವುದು ಒಂದು ಪದ ಅಷ್ಟೇ. ಮುಂದಿನ ಸಲ ಸಾಲಿನ ತಲೆ ಮಾತ್ರ ಕೊಟ್ಟು, ಬಾಲ ಅವರಿಗೇ ಬಿಟ್ಟೆ:

‘ಅವತ್ತು ಬೆಳಿಗ್ಗೆ ಎದ್ದ ಕೂಡಲೇ ನಾನು…’
‘ಅಮ್ಮ ನನಗೆ ಹೇಳಿದ ಕೆಲಸ…’
‘ಅಡುಗೆಮನೆಯಿಂದ…’
‘ಕಳೆದ ಸಲ ಒಂದು ತಮಾಷೆ ಆಯಿತು…’

ಕೊನೆಯ ಸಾಲೇ ಜಾಸ್ತಿ ಕೆಲಸ ಮಾಡಿತು. ‘ಹಬ್ಬದಲ್ಲಿ ಏನು ಮಾಡುತ್ತೀರಿ?’ ಎಂದರೆ ‘ಪೂಜೆ ಮಾಡುತ್ತೇವೆ, ಹೊಸ ಬಟ್ಟೆ ಹಾಕುತ್ತೇವೆ’ ಎಂಬ ಗೈಡಿನ ಮಾತೇ ಬರುತ್ತದೆ. ‘ಕಳೆದ ಸಲ’ ಎಂದ ತಕ್ಷಣ ಮಗು ‘ಮಾಡಿದೆವು, ಬಿದ್ದೆ, ಓಡಿದೆ’ಗೆ ಬರುತ್ತದೆ. ಆಗ ನಿಜವಾಗಿ ನಡೆದದ್ದನ್ನೇ ಹೇಳಬೇಕಾಗುತ್ತದೆ.

ಒಬ್ಬ ಹುಡುಗ ಮೊದಲು ಬರೆದಿದ್ದು, ‘ಸಂಕ್ರಾಂತಿಯನ್ನು ಸಡಗರದಿಂದ ಆಚರಿಸುತ್ತೇವೆ.’ ಸಡಗರ ಅಂದರೇನು ಎಂದು ಕೇಳಿದೆ. ಸುಮ್ನೆ ನಿಂತ. ‘ಹೋಗಲಿ, ಎತ್ತಿಗೆ ಏನು ಮಾಡಿದಿರಿ?’ ಎಂದೆ. ಅಷ್ಟಕ್ಕೇ ಬಾಯಿ ಬಿಟ್ಟ. ಅವನು ಹೇಳಿದ್ದನ್ನೇ ಬರೆಸಿದೆ: ‘ನಾನು ಕೆರೆಯಲ್ಲಿ ಎತ್ತಿನ ಮೈ ತೊಳೆದೆ. ಅಪ್ಪ ಕೊಂಬಿಗೆ ಬಣ್ಣ ಹಚ್ಚಿದರು. ಸಂಜೆ ಕಿಚ್ಚು ಹಾಯಿಸುವಾಗ ನಮ್ಮ ಕೆಂದೆತ್ತು ಹೆದರಿ ಹಿಂದಕ್ಕೆ ಓಡಿತು. ಎಲ್ಲರೂ ನಕ್ಕರು. ನನಗೆ ಅಳು ಬಂತು.’ ಸಡಗರ ಎಂಬ ಪದವನ್ನು ಅವನೇ ರಬ್ಬರಿನಿಂದ ಅಳಿಸಿದ.

ಅಂದಿನಿಂದ ಬರೆಸುವ ಮೊದಲು ಇಬ್ಬಿಬ್ಬರನ್ನು ಕೂರಿಸಿ ಐದು ನಿಮಿಷ ಮಾತಾಡಿಸುತ್ತೇನೆ. ಬಾಯಲ್ಲಿ ಬಾರದ ಸಾಲು ಪೆನ್ಸಿಲಿಗೂ ಬರುವುದಿಲ್ಲ.

ಇನ್ನೊಂದು ಎಡವಟ್ಟೂ ಮಾಡಿದ್ದೆ. ‘ಎಣ್ಣೆಸ್ನಾನ ಆದ ಮೇಲೆ…’ ಎಂಬ ಸಾಲು ಕೊಟ್ಟಾಗ ರಂಜಾನ್ ಬಗ್ಗೆ ಬರೆಯುತ್ತಿದ್ದ ಹುಡುಗಿ ಪೆನ್ಸಿಲ್ ಕಚ್ಚುತ್ತಾ ಕೂತಿದ್ದಳು. ಅದನ್ನು ‘ಹೊಸ ಬಟ್ಟೆ ಹಾಕಿಕೊಂಡು ನಾನು…’ ಎಂದು ಬದಲಾಯಿಸಿದೆ. ಅದಕ್ಕೂ ಒಬ್ಬ ಎದ್ದು ನಿಂತ, ‘ಮಿಸ್, ಈ ಸಲ ನಮಗೆ ಹೊಸ ಬಟ್ಟೆ ತರಲಿಲ್ಲ.’ ಈಗ ಅಲ್ಲಿ ‘ಸ್ನಾನ ಮಾಡಿ ಹೊರಗೆ ಬಂದಾಗ…’ ಎಂದಿದೆ.

‘ಈ ಹಬ್ಬ ನನಗೆ ಇಷ್ಟ, ಯಾಕೆಂದರೆ…’ ಎಂಬುದನ್ನು ಪೂರ್ತಿ ಬಿಟ್ಟಿದ್ದೇನೆ. ಎಂಟು ವರ್ಷದ ಮಕ್ಕಳು ಅದಕ್ಕೆ ‘ಯಾಕೆಂದರೆ ಚೆನ್ನಾಗಿದೆ’ ಎಂದೇ ಬರೆಯುತ್ತಾರೆ. ಬದಲಿಗೆ ‘ಹಬ್ಬ ಮುಗಿದ ಮಾರನೇ ದಿನ…’ ಎಂದು ಕೊಡುತ್ತೇನೆ. ಒಬ್ಬಳು ಬರೆದಳು: ‘ಮಾರನೇ ದಿನ ತಂಗಳು ಒಬ್ಬಟ್ಟಿಗೆ ನಾನೂ ಅಣ್ಣನೂ ಜಗಳ ಆಡಿದೆವು.’