ಆದರೆ, ಹಾಗಾಗಿ, ಆಮೇಲೆ: ಗದ್ಯಭಾಗದ ಕಟ್ಟು ಹಿಡಿಯುವುದು ಹೇಗೆ?

ಪಕ್ಕದ ಮನೆ ಹುಡುಗ ಈ ವರ್ಷ ಹತ್ತನೇ ಕ್ಲಾಸು. ಸಂಜೆ ಹೊತ್ತು ಕನ್ನಡ ಪುಸ್ತಕ ಹಿಡಿದು ನಮ್ಮ ಮಂಡ್ಯದ ಮನೆ ಜಗಲಿಗೆ ಬರುತ್ತಾನೆ. ಮೊನ್ನೆ ಅವನಿಗೊಂದು ಗದ್ಯಭಾಗ ಬರೆದುಕೊಟ್ಟು, ಇದರ ಕಟ್ಟು ಯಾವುದು ಹೇಳು ಅಂದೆ. ಎರಡು ವಿಷಯಗಳ ಹೋಲಿಕೆಯೋ, ಸಮಸ್ಯೆ ಮತ್ತು ಪರಿಹಾರವೋ, ಒಂದಾದ ಮೇಲೊಂದು ಬರುವ ಅನುಕ್ರಮವೋ? ನೀವೂ ಒಮ್ಮೆ ಓದಿ. ಗುರುತಿಗೆ ವಾಕ್ಯಗಳಿಗೆ ಸಂಖ್ಯೆ ಕೊಟ್ಟಿದ್ದೇನೆ.

(1) ಕಬ್ಬನ್ನು ಕಡಿದ ಕೂಡಲೇ ಅರೆಯಬೇಕು. ತಡವಾದಷ್ಟೂ ಅದರ ಸಕ್ಕರೆ ಅಂಶ ಇಳಿಯುತ್ತದೆ, ತೂಕವೂ ಕಡಿಮೆಯಾಗುತ್ತದೆ. (2) ಆದರೆ ಕಟಾವಿನ ಕಾಲದಲ್ಲಿ ಸುತ್ತಲ ಊರುಗಳ ಕಬ್ಬೆಲ್ಲ ಒಟ್ಟಿಗೆ ಕಾರ್ಖಾನೆ ಬಾಗಿಲಿಗೆ ಬರುವುದರಿಂದ ಗಾಡಿಗಳು ಸಾಲುಗಟ್ಟಿ ಕಾಯಬೇಕಾಗುತ್ತದೆ. (3) ಇದನ್ನು ತಪ್ಪಿಸಲು ಕೆಲವು ರೈತರು ಕಬ್ಬನ್ನು ಹತ್ತಿರದ ಆಲೆಮನೆಗೆ ಹಾಕುತ್ತಾರೆ. (4) ಅಲ್ಲಿ ಮೊದಲು ಕಬ್ಬನ್ನು ಗಾಣಕ್ಕೆ ಕೊಟ್ಟು ಹಾಲು ತೆಗೆಯುತ್ತಾರೆ. (5) ನಂತರ ಅದನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣ ಹಾಕಿ, ಮೇಲೆ ಬಂದ ಕೊಳೆ ತೆಗೆದು, ಪಾಕ ಹದಕ್ಕೆ ಬಂದ ಮೇಲೆ ಇಳಿಸಿ ಅಚ್ಚಿಗೆ ತುಂಬುತ್ತಾರೆ. (6) ಹೀಗೆ ಮಾಡಿದರೆ ಕಬ್ಬು ಗಾಡಿಯಲ್ಲೇ ಒಣಗುವುದು ತಪ್ಪುತ್ತದೆ. (7) ಆದರೂ ಬೆಲ್ಲದ ಧಾರಣೆ ಏರಿಳಿಯುತ್ತಲೇ ಇರುವುದರಿಂದ ಎಲ್ಲರೂ ಈ ದಾರಿ ಹಿಡಿಯುವುದಿಲ್ಲ.

ಹುಡುಗ ಹಳದಿ ಪೆನ್ನಲ್ಲಿ ನಾಲ್ಕು ಪದಕ್ಕೆ ಗೆರೆ ಹಾಕಿದ್ದ: ಆದರೆ, ಮೊದಲು, ನಂತರ, ಆದರೂ. "ಮಿಸ್, ಮೊದಲು ಅಂತ ಐತೆ, ನಂತರ ಅಂತಾನೂ ಐತೆ. ಅನುಕ್ರಮನೇ ಅಲ್ವಾ?" ಅಂದ.

ಅಲ್ಲ. ಆದರೆ ಈ ತಪ್ಪು ಅವನೊಬ್ಬನದಲ್ಲ. ಸುಳಿವು ಪದಗಳ ಪಟ್ಟಿ ಬಾಯಿಪಾಠ ಮಾಡಿ, ಯಾವ ಗುಂಪಿನ ಪದ ಜಾಸ್ತಿ ಕಂಡರೆ ಅದೇ ಕಟ್ಟು ಅಂದುಕೊಳ್ಳುವವರು ಎಲ್ಲರೂ ಹೀಗೇ ಜಾರುತ್ತಾರೆ. ಎಷ್ಟು ಪದ ಇವೆ ಅನ್ನುವುದನ್ನು ಬಿಡಿ. ಯಾವ ಪದದ ಕೈ ಎಲ್ಲಿಯವರೆಗೆ ಚಾಚಿದೆ ಅಂತ ನೋಡಬೇಕು.

ಹೆಜ್ಜೆ 1: ಪದದ ಬಾಲಕ್ಕೂ ಗೆರೆ ಹಾಕಿ

ಕನ್ನಡದಲ್ಲಿ ಸುಳಿವು ಬಿಡಿ ಪದವಾಗಿಯೇ ನಿಂತಿರಬೇಕು ಅಂತೇನಿಲ್ಲ. ಎಷ್ಟೋ ಸಲ ಅದು ಇನ್ನೊಂದು ಪದದ ತುದಿಗೆ ಅಂಟಿಕೊಂಡಿರುತ್ತದೆ. ಹುಡುಗನ ಕಣ್ಣಿಗೆ 'ನಂತರ' ಬಿತ್ತು, ಅದೇ ವಾಕ್ಯದ 'ಕಾಯಿಸಿ', 'ಹಾಕಿ', 'ತೆಗೆದು', 'ಇಳಿಸಿ' ಬೀಳಲಿಲ್ಲ. ಇವೂ ಅನುಕ್ರಮದ ಸುಳಿವುಗಳೇ. 'ಕಾಯಿಸಿ' ಅಂದರೆ ಕಾಯಿಸುವ ಕೆಲಸ ಮುಗಿದು ಮುಂದಿನದು ಶುರು ಅಂತ ಅರ್ಥ. 'ಕಡಿದ ಕೂಡಲೇ', 'ಬಂದ ಮೇಲೆ', 'ತುಂಬುವ ಮುನ್ನ' ಇವೂ ಅದೇ ಗುಂಪು.

ಸಮಸ್ಯೆಯ ಗುಂಪಿನಲ್ಲಂತೂ ಮುಖ್ಯವಾದವು ಬಾಲಗಳೇ. 'ಬರುವುದರಿಂದ' ಎಂಬಲ್ಲಿ 'ದರಿಂದ' ಕಾರಣ ಹೇಳುತ್ತದೆ. 'ತಪ್ಪಿಸಲು' ಎಂಬಲ್ಲಿ 'ಲು' ಉದ್ದೇಶ ಹೇಳುತ್ತದೆ. 'ಮಾಡಿದರೆ' ಎಂಬಲ್ಲಿ 'ದರೆ' ಫಲ ಬರುತ್ತಿದೆ ಅಂತ ಮುಂಚೆಯೇ ತಿಳಿಸುತ್ತದೆ. 'ಹಾಗಾಗಿ', 'ಅದಕ್ಕಾಗಿ', 'ಇದರ ಬದಲು' ಥರದ ಬಿಡಿ ಪದಗಳು ಬಂದರೆ ಸರಿ, ಬರದಿದ್ದರೂ ಈ ಬಾಲಗಳು ಇದ್ದೇ ಇರುತ್ತವೆ.

ಹೋಲಿಕೆಯದೂ ಇದೇ ಕಥೆ. ಬೆಲ್ಲ, ಸಕ್ಕರೆ ಬಗ್ಗೆ ಈ ಸಾಲು ನೋಡಿ: "ಎರಡೂ ಕಬ್ಬಿನ ಹಾಲಿನಿಂದಲೇ ಬರುತ್ತವೆ. ಸಕ್ಕರೆ ಮಾಡುವಾಗ ಕಾಕಂಬಿಯನ್ನು ಬೇರ್ಪಡಿಸುತ್ತಾರೆ. ಬೆಲ್ಲದಲ್ಲಾದರೋ ಅದು ಹಾಗೇ ಉಳಿಯುತ್ತದೆ. ಹಾಗಾಗಿ ಬೆಲ್ಲ ಸಕ್ಕರೆಗಿಂತ ಕಪ್ಪು." 'ಎರಡೂ' ಎಂಬುದರ 'ಊ' ಸಾಮ್ಯ ತೋರಿಸುತ್ತದೆ. 'ಆದರೋ', 'ಗಿಂತ' ವ್ಯತ್ಯಾಸ ತೋರಿಸುತ್ತವೆ. 'ಆದರೆ' ಒಂದೇ ಒಂದು ಸಲವೂ ಬಂದಿಲ್ಲ, ಆದರೂ ಇದು ಶುದ್ಧ ಹೋಲಿಕೆ.

ಹೆಜ್ಜೆ 2: ಕೈ ಎಲ್ಲಿಯವರೆಗೆ ಚಾಚಿದೆ?

ಕೆಲವು ಸುಳಿವುಗಳು ತಮ್ಮ ವಾಕ್ಯದೊಳಗೇ ಕೆಲಸ ಮುಗಿಸುತ್ತವೆ. ಕೆಲವು ಹಿಂದಿನ ಎರಡು ಮೂರು ವಾಕ್ಯಗಳನ್ನು ಎಳೆದುಕೊಂಡು ಬರುತ್ತವೆ. ಕಟ್ಟು ಬಿಟ್ಟುಕೊಡುವುದು ಈ ಎರಡನೇ ಜಾತಿಯವು. ಅವುಗಳಲ್ಲಿ ಹೆಚ್ಚಿನವು 'ಇ' ಅಥವಾ 'ಹೀ' ಇಂದ ಶುರುವಾಗುತ್ತವೆ: ಇದನ್ನು, ಇದರಿಂದ, ಇದಕ್ಕೆ, ಹೀಗೆ, ಹೀಗಾಗಿ. ಅಂಥ ಪದ ಕಂಡ ತಕ್ಷಣ "ಇದು ಅಂದರೆ ಯಾವುದು?" ಅಂತ ಕೇಳಿಕೊಂಡು, ಉತ್ತರ ಸಿಗುವ ಜಾಗದವರೆಗೆ ಹಿಂದಕ್ಕೆ ಬಾಣ ಎಳೆಯಿರಿ.

ನಮ್ಮ ಗದ್ಯಭಾಗದಲ್ಲಿ 'ಮೊದಲು', 'ನಂತರ' ಎರಡರ ಕೈಯೂ 4 ಮತ್ತು 5ನೇ ವಾಕ್ಯ ದಾಟುವುದಿಲ್ಲ. ಆಲೆಮನೆಯೊಳಗೇ ಇರುತ್ತವೆ. ಆದರೆ 3ನೆಯದರ 'ಇದನ್ನು ತಪ್ಪಿಸಲು' ನೋಡಿ. ಯಾವುದನ್ನು? ಗಾಡಿ ಕಾಯುವುದನ್ನು, ಅದರಿಂದ ಆಗುವ ನಷ್ಟವನ್ನು. ಅಂದರೆ 1 ಮತ್ತು 2 ಎರಡನ್ನೂ ಅದು ಹಿಡಿದುಕೊಂಡಿದೆ. 6ನೆಯದರ 'ಹೀಗೆ ಮಾಡಿದರೆ' 3ರಿಂದ 5ರವರೆಗೆ ಬಾಚಿಕೊಂಡಿದೆ. ಈ ಎರಡು ಬಾಣ ಎಳೆದರೆ ಸಾಕು, ಆಕಾರ ಕಾಣುತ್ತದೆ: ತೊಂದರೆ, ದಾರಿ, ಫಲ.

ಇನ್ನು 2ನೆಯದರ 'ಆದರೆ'. ಇದು ಹೋಲಿಕೆಯ ಪದ ಅಂತ ಪಟ್ಟಿಯಲ್ಲಿರುತ್ತದೆ, ಆದರೆ ಇಲ್ಲಿ ಏನನ್ನು ಯಾವುದರ ಜೊತೆ ಹೋಲಿಸಿದೆ? ಆಗಬೇಕಾದದ್ದು ಒಂದು, ಆಗುತ್ತಿರುವುದು ಇನ್ನೊಂದು, ಅಷ್ಟೇ. ಸಮಸ್ಯೆ ಹೇಳುವ ಬರಹದಲ್ಲಿ 'ಆದರೆ' ಹೀಗೆ ಬಾಗಿಲು ತೆರೆಯುವ ಕೆಲಸ ಮಾಡುತ್ತದೆ. ನಿಜವಾದ ಹೋಲಿಕೆಯಾದರೆ ಎರಡು ಕಾಲಂ ಹಾಕಿ ಎದುರುಬದುರು ತುಂಬಬಹುದು: ಬೆಲ್ಲ ಒಂದು ಕಡೆ, ಸಕ್ಕರೆ ಒಂದು ಕಡೆ, ಕಾಕಂಬಿ, ಬಣ್ಣ ಅಂತ ಸಾಲುಗಳು. ನಮ್ಮ ಗದ್ಯಭಾಗಕ್ಕೆ ಹಾಗೆ ಕಾಲಂ ಹಾಕಲು ಹೋಗಿ ನೋಡಿ, ಬಲಗಡೆ ಖಾಲಿ ಉಳಿಯುತ್ತದೆ.

ಹೆಜ್ಜೆ 3: ತೆಗೆದು ನೋಡಿ

ಅನುಮಾನ ಇನ್ನೂ ಇದ್ದರೆ ಬೆರಳಿಟ್ಟು ಮುಚ್ಚಿ ಓದಿ. 4 ಮತ್ತು 5ನ್ನು ಮುಚ್ಚಿದರೂ ಮಾತು ಪೂರ್ತಿಯಾಗಿ ಅರ್ಥವಾಗುತ್ತದೆ. 3ನ್ನು ಮುಚ್ಚಿದರೆ? "ಗಾಡಿಗಳು ಸಾಲುಗಟ್ಟಿ ಕಾಯಬೇಕಾಗುತ್ತದೆ. ಅಲ್ಲಿ ಮೊದಲು ಕಬ್ಬನ್ನು ಗಾಣಕ್ಕೆ ಕೊಟ್ಟು..." ಅಲ್ಲಿ ಅಂದರೆ ಎಲ್ಲಿ, ಕಾರ್ಖಾನೆ ಬಾಗಿಲಲ್ಲಾ? ಎಲ್ಲ ಕಳಚಿಬಿತ್ತು. ಹುಡುಗ ನಕ್ಕ. ಅನುಕ್ರಮ ಇದೆ ನಿಜ, ಆದರೆ ಅದು ಪರಿಹಾರದ ಹೊಟ್ಟೆಯೊಳಗೆ ಕೂತಿದೆ.

ಹೆಜ್ಜೆ 4: ವೇಷ ಹಾಕಿದ ಪದಗಳ ಮೇಲೆ ಕಣ್ಣಿಡಿ

ಮೊದಲ ಮೋಸಗಾರ 'ಆದರೆ'ಯೇ. "ಮಳೆ ಬಂತು. ಆದರೆ ಬಿತ್ತನೆ ಆಗಲಿಲ್ಲ" ಎಂಬಲ್ಲಿ ಅದು ಎರಡನ್ನು ಎದುರುಬದುರು ನಿಲ್ಲಿಸುತ್ತದೆ. "ಒಳ್ಳೆ ಮಳೆ ಆದರೆ ಬಿತ್ತನೆ" ಎಂಬಲ್ಲಿ ಅದು ಷರತ್ತು. ವಾಕ್ಯದ ಶುರುವಿನಲ್ಲಿದ್ದರೆ ಸಾಮಾನ್ಯವಾಗಿ ವಿರೋಧ. ನಡುವೆ ಇದ್ದರೆ, ಆ ಜಾಗದಲ್ಲಿ 'ಆಗಿದ್ದೇ ಆದಲ್ಲಿ' ಅಂತ ಹಾಕಿ ಓದಿ. ಕೂತರೆ ಷರತ್ತು.

ಎರಡನೆಯದು 'ಪರಿಹಾರ'. ಪೇಪರ್ ಓದುವವರಿಗೆ ಗೊತ್ತೇ ಇದೆ, ಬೆಳೆ ಪರಿಹಾರ ಅಂದರೆ ದುಡ್ಡು. "ರೈತರಿಗೆ ಪರಿಹಾರ ಸಿಗಲಿಲ್ಲ" ಎಂಬ ಸಾಲು ಕಂಡು ಸಮಸ್ಯೆ–ಪರಿಹಾರದ ಕಟ್ಟು ಅಂತ ಬರೆದರೆ ಕೆಟ್ಟಿತು. ಅಲ್ಲಿ ಪರಿಹಾರ ಸಿಗದಿರುವುದೇ ಸಮಸ್ಯೆ. ನಾನೂ ಒಮ್ಮೆ ಮಾದರಿ ಪ್ರಶ್ನೆಪತ್ರಿಕೆ ಮಾಡುವಾಗ ಹೀಗೆ ಎಡವಿದ್ದೆ. ತಪ್ಪು ಹಿಡಿದದ್ದು ಹಿಂದಿನ ಬೆಂಚಿನ ಹುಡುಗಿ. ಅವರಪ್ಪ ಆ ವರ್ಷ ಅದೇ ದುಡ್ಡಿಗೆ ಅರ್ಜಿ ಹಾಕಿದ್ದರಂತೆ.

ಮೂರನೆಯದು 'ಮೊದಲು' ಮತ್ತು 'ಮುನ್ನ'. "ಮೊದಲು ಇದು ಮಾಡು" ಎಂದರೆ ಶುರು. "ಅದಕ್ಕೂ ಮೊದಲು" ಎಂದರೆ ಹಿಂದಕ್ಕೆ ಹೋಗು. ಇದನ್ನು ಗಮನಿಸದಿದ್ದರೆ ಓದಿದ ಸಾಲನ್ನೇ ನಡೆದ ಸಾಲು ಅಂದುಕೊಳ್ಳುತ್ತೇವೆ. ಉದಾಹರಣೆಗೆ: "ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅಷ್ಟು ಹೊತ್ತಿಗೆ ಇಲ್ಲಿನ ಸಕ್ಕರೆ ಕಾರ್ಖಾನೆ ಶುರುವಾಗಿ ಆರು ವರ್ಷ ಕಳೆದಿತ್ತು. ಅದಕ್ಕೂ ಎಷ್ಟೋ ಮೊದಲು, 1911ರಲ್ಲಿ, ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿತ್ತು." ಇದು ಅನುಕ್ರಮವೇ, ಆದರೆ ತಲೆಕೆಳಗಾದ ಅನುಕ್ರಮ. ನಡೆದದ್ದು 1911, 1933, 1939, ಓದಿದ್ದು ಹಿಂದುಮುಂದಾಗಿ. 'ಅಷ್ಟು ಹೊತ್ತಿಗೆ', 'ಅದಕ್ಕೂ ಮೊದಲು', ಜೊತೆಗೆ 'ಕಳೆದಿತ್ತು', 'ಆರಂಭವಾಗಿತ್ತು' ಎಂಬ ಕ್ರಿಯಾಪದಗಳ 'ಇತ್ತು' ಈ ಗುಟ್ಟು ಹೇಳುತ್ತವೆ. ಇಂಥದ್ದು ಬಂದರೆ ಅಂಚಿನಲ್ಲಿ ಒಂದು ಗೆರೆ ಎಳೆದು ಇಸವಿಗಳನ್ನು ಸರಿಯಾದ ಕ್ರಮದಲ್ಲಿ ಬರೆದುಕೊಳ್ಳಿ.

ಸುಳಿವೇ ಇಲ್ಲದಿದ್ದರೆ?

ಅದೂ ಆಗುತ್ತದೆ. "ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಿಸುತ್ತಾರೆ. ರಾಗಿ ಮಳೆ ನೀರಲ್ಲೇ ಬರುತ್ತದೆ." ಇಲ್ಲಿ ಕೂಡಿಸುವ ಪದವೇ ಇಲ್ಲ. ಆಗ ನಾವೇ ಒಂದೊಂದಾಗಿ ನಡುವೆ ಇಟ್ಟು ನೋಡಬೇಕು. 'ಆಮೇಲೆ' ಇಟ್ಟರೆ ಕೂರುವುದಿಲ್ಲ. 'ಹಾಗಾಗಿ' ಇಟ್ಟರೆ ಸುಳ್ಳಾಗುತ್ತದೆ, ಭತ್ತಕ್ಕೆ ನೀರು ನಿಲ್ಲಿಸಿದ್ದಕ್ಕೂ ರಾಗಿ ಮಳೆಯಲ್ಲಿ ಬರುವುದಕ್ಕೂ ಏನು ಸಂಬಂಧ? 'ಆದರೆ' ಸಲೀಸಾಗಿ ಕೂರುತ್ತದೆ. ಹೋಲಿಕೆ. ಎರಡು ಪದಗಳು ಚೆನ್ನಾಗಿ ಕೂರುವ ಸಂದರ್ಭವೂ ಉಂಟು. ಆಗ ಮುಂದಿನ ವಾಕ್ಯ ಓದದೆ ತೀರ್ಮಾನ ಮಾಡಬೇಡಿ.

ಇಷ್ಟು ಹೇಳಿ ಹುಡುಗನ ಕೈಗೆ ಪೆನ್ಸಿಲ್ ಕೊಟ್ಟು, ಕಬ್ಬಿನ ಗದ್ಯಭಾಗಕ್ಕೆ ಚಿತ್ರ ಬರಿ ಅಂದೆ. ಮೂರು ಚೌಕ ಹಾಕಿದ. ಮೊದಲನೆಯದರಲ್ಲಿ 1, 2. ಎರಡನೆಯದರಲ್ಲಿ 3, ಅದರೊಳಗೆ ಪುಟ್ಟ ಏಣಿಯ ಹಾಗೆ 4, 5. ಮೂರನೆಯದರಲ್ಲಿ 6. ಆಮೇಲೆ 7ನ್ನು ಎಲ್ಲಿ ಹಾಕುವುದು ಅಂತ ಪೆನ್ಸಿಲ್ ಕಚ್ಚುತ್ತಾ ಕೂತ.

"ಇದು ಹೊಸ ಸಮಸ್ಯೆನಾ ಮಿಸ್?"

"'ಆದರೂ' ಯಾವುದಕ್ಕೆ ಅಡ್ಡ ಬರ್ತಿದೆ ನೋಡು."

ಸ್ವಲ್ಪ ಹೊತ್ತು ನೋಡಿ, ಎರಡನೇ ಚೌಕದ ಪಕ್ಕದಲ್ಲಿ 7 ಅಂತ ಬರೆದ. ಅಲ್ಲಿಂದ ಚೌಕಕ್ಕೆ ಒಂದು ಬಾಣ ಎಳೆದು ಅದರ ಮೇಲೆ ಸಣ್ಣದಾಗಿ ಬರೆದ: "ಎಲ್ಲರಿಗೂ ಆಗಲ್ಲ."