ಏಳನೇ ಒಂದು ಪಾಲು ನುಂಗಿ ಇನಾಸಿಟಾಲನ್ನು ಬೈದ ಕಥೆ

“ಇದೆಲ್ಲ ದುಡ್ಡು ಕೀಳುವ ವ್ಯಾಪಾರ, ಬಿಟ್ಟುಬಿಡು” ಎಂದು ಅಕ್ಕ ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಪಿಸಿಓಎಸ್‌ಗೆ, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಡವಾಗುವ ತೊಂದರೆಗೆ, ಇನಾಸಿಟಾಲ್ ಎಂಬ ಸಕ್ಕರೆಯಂಥ ಪೂರಕ ಶುರು ಮಾಡಿ ಮೂರು ತಿಂಗಳಾಗಿತ್ತು. ಮುಟ್ಟು ಬಂದದ್ದು ಒಂದೇ ಸಲ, ಅದೂ 67ನೇ ದಿನಕ್ಕೆ.

ತಪ್ಪು ನನ್ನದೇ. ನಾನು ತಂದ ಮಾತ್ರೆಯಲ್ಲಿ ಇನಾಸಿಟಾಲಿನ ಎರಡು ರೂಪಗಳಿದ್ದವು: ಮಯೋ 550 ಮಿಲಿಗ್ರಾಂ, ಡಿ-ಕೈರೋ ಸುಮಾರು 13.8 ಮಿಲಿಗ್ರಾಂ ಇತ್ತು. ಎಲ್ಲರೂ ಹೇಳುವ 40:1 ಅನುಪಾತ ಸರಿಯಾಗಿಯೇ ಇತ್ತು. ಅದನ್ನು ನೋಡಿಯೇ ಖುಷಿಪಟ್ಟು ದಿನಕ್ಕೆ ಒಂದು ಮಾತ್ರೆ ನುಂಗುತ್ತಿದ್ದೆ. ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸಿರುವುದು ದಿನಕ್ಕೆ 4 ಗ್ರಾಂ ಮಯೋ, ಎರಡು ಪಾಲಾಗಿ. ನನಗೆ ಸಿಗುತ್ತಿದ್ದದ್ದು ಅದರ ಸುಮಾರು ಏಳನೇ ಒಂದು ಭಾಗ! ಮಾತ್ರೆಯಲ್ಲೇ 4 ಗ್ರಾಂ ಹತ್ತಿರ ಮುಟ್ಟಬೇಕೆಂದರೂ ದಿನಕ್ಕೆ ಏಳು ಬೇಕು; ಒಂದಕ್ಕೆ 25 ರೂಪಾಯಿ ಹಿಡಿದರೂ ತಿಂಗಳಿಗೆ ಐದು ಸಾವಿರ ದಾಟುತ್ತದೆ.

ಸ್ತ್ರೀರೋಗ ತಜ್ಞೆಯನ್ನು ಕೇಳಿ, ಬರೀ ಮಯೋ ಇರುವ ಪುಡಿಗೆ ಬದಲಾಯಿಸಿದೆ. ತಿಂಗಳಿಗೆ 120 ಗ್ರಾಂ, ಒಂದು ಸಾವಿರದೊಳಗೆ ಮುಗಿಯಿತು. ಚಮಚ ನಂಬಬೇಡಿ. ನನ್ನ ಚಮಚ ಒಂದು ದಿನ 2 ಗ್ರಾಂ ತೂಗಿದರೆ ಇನ್ನೊಂದು ದಿನ 3 ತೂಗಿತು, ಆಮೇಲೆ ಒಡವೆ ತೂಗುವ ಚಿಕ್ಕ ತಕ್ಕಡಿ ತಂದೆ. ಬೆಳಿಗ್ಗೆ 2 ಗ್ರಾಂ, ರಾತ್ರಿ 2 ಗ್ರಾಂ, ನೀರಿನಲ್ಲಿ ಕಲಸಿ. ರುಚಿ ಸ್ವಲ್ಪ ಸಿಹಿ. ಮೊದಲ ವಾರ ಹೊಟ್ಟೆ ಉಬ್ಬರವಿತ್ತು, ನಂತರ ಹೋಯಿತು. ರಾತ್ರಿಯ ಪಾಲು ಮರೆಯದಿರಲು ನನ್ನದೊಂದು ಉಪಾಯವಿದೆ, ಅದನ್ನು ಮಾತ್ರ ಹೇಳುವುದಿಲ್ಲ. ನಡುವೆ ಮೆಂತ್ಯದ ನೀರನ್ನೂ ಒಂದು ತಿಂಗಳು ಕುಡಿದೆ. ಬೆವರು ಮೆಂತ್ಯದ ವಾಸನೆ ಹೊಡೆಯಿತೇ ಹೊರತು ಬೇರೇನೂ ಆಗಲಿಲ್ಲ.

ಪುಡಿಯ ನಂತರದ ಚಕ್ರಗಳು 52, 44, 38, 35 ದಿನ. ಮುಟ್ಟು ಬಂದ ಮಾತ್ರಕ್ಕೆ ಅಂಡ ಬಿಡುಗಡೆಯಾಗಿದೆ ಎನ್ನಲಾಗದು, ಹಾಗಾಗಿ 38 ದಿನದ ಆ ಚಕ್ರದಲ್ಲಿ, ಅಂಡ ಬಿಡುಗಡೆಯಾದ ಮೇಲೆ ಏರುವ ಹಾರ್ಮೋನಾದ ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸಿದೆ. ರೂಢಿಯಂತೆ 21ನೇ ದಿನ ರಕ್ತ ಕೊಟ್ಟರೆ ಮಿಲಿಲೀಟರಿಗೆ 0.6 ನ್ಯಾನೋಗ್ರಾಂ ಬಂತು. ಅತ್ತುಬಿಟ್ಟೆ. 24ನೇ ದಿನದ ಹೊತ್ತಿಗೆ ಮೊಟ್ಟೆಯ ಬಿಳಿಯಂಥ ಲೋಳೆ ಕಂಡಿತು, ಅದು ಅಂಡ ಬಿಡುಗಡೆ ಹತ್ತಿರವಾದ ಸೂಚನೆ. ಅಲ್ಲಿಂದ ಏಳು ದಿನ ಎಣಿಸಿ 31ನೇ ದಿನ ಮತ್ತೆ ಕೊಟ್ಟೆ. ಎಂಟರ ಆಸುಪಾಸು! ಮೂರು ದಾಟಿದರೆ ಅಂಡ ಬಿಡುಗಡೆಯಾಗಿದೆ ಎಂದು ಲೆಕ್ಕ. ಉದ್ದ ಚಕ್ರದವರಿಗೆ 21ನೇ ದಿನದ ಪರೀಕ್ಷೆ ಸುಮ್ಮನೆ ಹೆದರಿಸುತ್ತದೆ. ಗರ್ಭ ಬೇಡದವರು ಈ ಹಂತದಿಂದ ಎಚ್ಚರವಾಗಿರಬೇಕು.

ಗಲ್ಲದ ಕೂದಲು ಹಾಗೆಯೇ ಇದೆ, ತೂಕವೂ ಒಂದೇ ಒಂದು ಕಿಲೋ ಇಳಿದದ್ದು. 2023ರ ಅಂತರರಾಷ್ಟ್ರೀಯ ಪಿಸಿಓಎಸ್ ಮಾರ್ಗಸೂಚಿಯೂ ಇನಾಸಿಟಾಲಿನ ಪುರಾವೆ ಸೀಮಿತ, ಅನಗತ್ಯ ಕೂದಲು ಮತ್ತು ಹೊಟ್ಟೆಯ ಕೊಬ್ಬಿಗೆ ಮೆಟ್‌ಫಾರ್ಮಿನ್ ಮೇಲು ಎನ್ನುತ್ತದೆ. ತೊಂಬತ್ತು ದಿನ ಮುಟ್ಟು ಬಾರದಿದ್ದರೆ ಪುಡಿಯನ್ನು ನೆಚ್ಚಿ ಕೂರಬೇಡಿ. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಬಹುದು, ವೈದ್ಯರೇ ಬೇಕು.

ಕಳೆದ ತಿಂಗಳು ಅಕ್ಕ ಫೋನ್ ಮಾಡಿ, ತನ್ನ ಮಗಳಿಗೆ ಎಷ್ಟು ಗ್ರಾಂ ಕೊಡಲಿ ಎಂದು ಕೇಳಿದಳು. ಮೊದಲು ಥೈರಾಯ್ಡ್, ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸು, ತಕ್ಕಡಿ ನನ್ನದೇ ಕೊಡುತ್ತೇನೆ ಎಂದೆ.