ಏಳು ಪದದ ಇಂಗ್ಲಿಷ್: ಹಿಂಜವಡಿ ಸೈಟಿನಲ್ಲಿ ನನ್ನ ಅನುಭವ

ಪುಣೆಯ ಹಿಂಜವಡಿ ಕಡೆ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿ ನನಗೆ ಹತ್ತು ವರ್ಷದ ಮೇಲಾಯಿತು. ನನ್ನ ಕೈಕೆಳಗಿನವರಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಸೈಟಿನಲ್ಲಿ ಹಿಂದಿ. ಬಾಟಲಿ ಮೇಲಿನ ಲೇಬಲ್ಲು ಮಾತ್ರ ಇಂಗ್ಲಿಷ್. "ಈ ವಯಸ್ಸಿನಾಗ ಇವರಿಗೆ ಇಂಗ್ಲಿಷ್ ಯಾಕ, ಬಾಯಿಲೆ ಹೇಳಿ ಮುಗಸು" ಅಂತ ಎಲ್ಲರೂ ಅಂದರು. ಆದರೆ ರಾತ್ರಿ ಪಾಳಿಯಲ್ಲಿ ಬಾಯಿಂದ ಹೇಳಲು ನಾನು ಇರುವುದಿಲ್ಲ. ಸಿಂದಗಿ ಕಡೆಯ ಒಬ್ಬ ಅಕ್ಕ, ನಲವತ್ತು ದಾಟಿದವರು, ಈಗ ಕೆಲಸದ ಹೆಜ್ಜೆಗಳನ್ನು ಇಂಗ್ಲಿಷಿನಲ್ಲಿ ಬರೆದ ಕಾರ್ಡು ಓದಿಕೊಂಡು ತಾವೇ ಕೆಮಿಕಲ್ ಬೆರೆಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಕಾರ್ಡು ಬರೆಸಲು ಡಿಗ್ರಿ ಹುಡುಗರನ್ನು ಹಿಡಿದೆ, ಕಾರ್ಡಿಗೆ ಐವತ್ತು ರೂಪಾಯಿಯಂತೆ. "ಸಿಂಪಲ್ ಇಂಗ್ಲಿಷ್‌ನಾಗ ಬರಿ" ಅಂದೆ. ಅವರಿಗೆ ಸಿಂಪಲ್ ಅಂದರೆ "ಕೈಂಡ್ಲಿ ಎನ್ಶೂರ್ ದಟ್" ಅಂತ ಶುರುವಾಗುವ ಮೂರು ಸಾಲಿನ ವಾಕ್ಯ. ಇನ್ನೊಬ್ಬನಿಗೆ "ಚಿಕ್ಕದಾಗಿ ಬರಿ" ಅಂದೆ. "ವಾಟರ್ ಫಸ್ಟ್, ಮಿಕ್ಸ್ ನೋ" ಅಂತ ತಂತಿ ಕಳಿಸಿದ ಹಾಗೆ ಬರೆದ. ಅಕ್ಕ ಅದನ್ನೇ ಕಲಿತು ಆಡಿಟ್‌ಗೆ ಬಂದವರ ಮುಂದೆ ಹೇಳಿದರು. ಬಂದವರು ನಕ್ಕರು. ಅವತ್ತು ನನ್ನ ಹೊಟ್ಟೆ ಉರಿಯಿತು. ವಾಕ್ಯ ಗಿಡ್ಡ ಇರಲಿ, ಅರ್ಧ ಇರಬಾರದು ಅಂತ ಅವತ್ತೇ ನಿರ್ಧರಿಸಿದೆ. ಬರೆಸಿದ್ದು, ಪ್ರಿಂಟು, ಲ್ಯಾಮಿನೇಷನ್ ಸೇರಿ ಆ ಹೊತ್ತಿಗೆ ಮೂರು ಸಾವಿರದ ಹತ್ತಿರ ಹೋಗಿತ್ತು.

ತಪ್ಪು ನಾನು ಕೇಳುವುದರಲ್ಲಿತ್ತು. "ಸಿಂಪಲ್" ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಆಮೇಲೆ ಹೀಗೆ ಕೇಳಲು ಶುರು ಮಾಡಿದೆ: "ಓದುವವರು ದೊಡ್ಡ ಹೆಂಗಸು, ಮಗು ಅಲ್ಲ. ಓದಿದ ಮೇಲೆ ಅವರ ಕೈ ಕೆಲಸ ಮಾಡಬೇಕು. ಒಂದು ವಾಕ್ಯಕ್ಕೆ ಒಂದೇ ಕೆಲಸ, ಏಳು ಪದದ ಒಳಗೆ. ಕೈ ಯಾವುದನ್ನು ಮೊದಲು ಮಾಡುತ್ತದೋ ವಾಕ್ಯವೂ ಅದೇ ಮೊದಲು. 'ಇಟ್' ಬೇಡ, ವಸ್ತುವಿನ ಹೆಸರನ್ನೇ ಮತ್ತೆ ಬರಿ." ಜೊತೆಗೆ ಅಕ್ಕನಿಗೆ ಆಗಲೇ ಗೊತ್ತಿರುವ ನೂರೈವತ್ತು ಪದಗಳ ಪಟ್ಟಿ ಕೊಟ್ಟೆ. ಆ ಪಟ್ಟಿ ಹೇಗೆ ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

'ಇಟ್' ಯಾಕೆ ಬೇಡ ಅಂದರೆ, ಬಕೆಟ್ಟು, ಮಾಪು, ಬಾಟಲಿ ಮೂರೂ ಬಂದ ಮೇಲೆ "ರಿನ್ಸ್ ಇಟ್" ಅಂತ ಬಂದಾಗ ಅಕ್ಕ ಕೇಳಿದ್ದರು, "ಅಣ್ಣಾರ, ಇಟ್ ಅಂದ್ರ ಮೂರರಾಗ ಯಾವದ್ರಿ?" ಕನ್ನಡದಲ್ಲಿ ನಾವು ಅಂಥ ಕಡೆ "ತೊಳಿ" ಅಂದು ಬಿಡುತ್ತೇವೆ, ಮುಂದೆ ನಿಂತವರಿಗೆ ತಿಳಿಯುತ್ತದೆ. ಕಾರ್ಡಿನ ಮುಂದೆ ಯಾರೂ ನಿಂತಿರುವುದಿಲ್ಲ. ಯಾವುದು ಮೊದಲು ಅನ್ನುವ ವಿಷಯವೂ ಹಾಗೇ. "ಮಿಕ್ಸ್ ಆಫ್ಟರ್ ಓಪನಿಂಗ್ ದ ವಿಂಡೋ" ಅಂದರೆ ಕನ್ನಡದವರ ಕಣ್ಣಿಗೆ ಮೊದಲು ಬೀಳುವುದು ಬೆರೆಸು ಅನ್ನುವುದು. ಕಿಟಕಿ ಕೊನೆಗೆ. ಎರಡು ವಾಕ್ಯ ಮಾಡಿ ಕಿಟಕಿಯನ್ನು ಮೇಲೆ ತಂದರೆ ಆಯಿತು.

ಆರ್‌ಟು, ಅಂದರೆ ನೆಲ ಒರೆಸುವ ಕೆಮಿಕಲ್‌ನ ಕಾರ್ಡು ನೋಡಿ. ನಮ್ಮ ಸೈಟಿನ ಹಳೆ ಕಾರ್ಡಿನಲ್ಲಿ "ಡೈಲ್ಯೂಟ್ 1:50 ಪ್ರಯರ್ ಟು ಯೂಸ್" ಅಂತಿತ್ತು. ಅಕ್ಕ ಗಡಿಯಾರ ನೋಡಿ "ಒಂದೂ ಐವತ್ತಕ್ಕ ಹಾಕೂದೇನ್ರಿ?" ಅಂದರು. ಹೊಸ ಕಾರ್ಡು: "ಟೇಕ್ ದ ಬಕೆಟ್. ಫಿಲ್ ವಾಟರ್ ಟು ದ ಲೈನ್. ಆ್ಯಡ್ ಒನ್ ಕಪ್ ಆಫ್ ಆರ್‌ಟು." ಬಕೆಟ್ಟಿನ ಗೆರೆ ಐದು ಲೀಟರಿಗೆ, ಅಳೆಯುವ ಕಪ್ ನೂರು ಎಂಎಲ್‌ದು. ಲೆಕ್ಕ ನಾನು ಮೊದಲೇ ಮಾಡಿಟ್ಟೆ, ವಾಕ್ಯದಲ್ಲಿ ಬಿಡಲಿಲ್ಲ.

ನಡುವೆ ಬಾಟಲಿಗಳಿಗೆ ಬಣ್ಣದ ಟೇಪು ಸುತ್ತಿ ನೋಡಿದೆ. ಎಲ್ಲರೂ ಓದುವುದು ಬಿಟ್ಟು ಬಣ್ಣ ನೋಡತೊಡಗಿದರು. ಹೊಸ ಸ್ಟಾಕಿಗೆ ಟೇಪು ಸುತ್ತದ ದಿನ ಕೆಲಸವೇ ನಿಂತಿತು. ಕಿತ್ತು ಹಾಕಿದೆ.

ನನಗೆ ನಿದ್ದೆ ಕೆಡಿಸಿದ್ದು ಟಾಯ್ಲೆಟ್ ಕಾರ್ಡು. ಟಾಯ್ಲೆಟ್ ತೊಳೆಯುವ ಆರ್‌ಸಿಕ್ಸ್‌ನಲ್ಲಿ ಆ್ಯಸಿಡ್ ಇರುತ್ತದೆ. ಬ್ಲೀಚ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಹಳೆ ಕಾರ್ಡಿನಲ್ಲಿ "ನಾಟ್ ಇನ್ ಕಂಜಂಕ್ಷನ್ ವಿತ್ ಕ್ಲೋರಿನೇಟೆಡ್ ಪ್ರಾಡಕ್ಟ್ಸ್" ಅಂತಿತ್ತು. ಯಾರಿಗೂ ಅರ್ಥವಾಗಿರಲಿಲ್ಲ. ಒಂದು ರಾತ್ರಿ ಹೊಸ ಹುಡುಗಿಯೊಬ್ಬಳು ಎರಡನ್ನೂ ಸುರಿದು ಕೆಮ್ಮುತ್ತ ಹೊರಗೆ ಓಡಿ ಬಂದಳು. ಗಾಳಿಗೆ ಕೂರಿಸಿದ ಮೇಲೆ ಸುಧಾರಿಸಿಕೊಂಡಳು. ಈಗಿನ ಕಾರ್ಡು: "ಯೂಸ್ ಓನ್ಲಿ ಆರ್‌ಸಿಕ್ಸ್. ಡು ನಾಟ್ ಆ್ಯಡ್ ಬ್ಲೀಚ್. ಬ್ಲೀಚ್ ಆ್ಯಂಡ್ ಆರ್‌ಸಿಕ್ಸ್ ಮೇಕ್ ಪಾಯಿಸನ್ ಗ್ಯಾಸ್." ಮೂರನೆಯ ವಾಕ್ಯ ತೆಗೆದರೆ ಕಾರ್ಡು ಇನ್ನೂ ಗಿಡ್ಡವಾಗುತ್ತಿತ್ತು. ತೆಗೆದು ನೋಡಿದೆ ಕೂಡ. ಕಾರಣ ಗೊತ್ತಿಲ್ಲದಾಗ "ಸ್ವಲ್ಪ ಹಾಕಿದ್ರ ಏನಾಗ್ತದ" ಅನ್ನುತ್ತಾರೆ.

"ತಿಳೀತೇನ್ರಿ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ನಾನು ಹೊಸ ಕಾರ್ಡು, ಖಾಲಿ ಬಕೆಟ್ಟು, ಬಾಟಲಿಯಲ್ಲಿ ಬರೀ ನೀರು ಕೊಟ್ಟು ದೂರ ನಿಲ್ಲುತ್ತೇನೆ. ಕೈ ಎಲ್ಲಿ ನಿಂತಿತೋ ಆ ವಾಕ್ಯವನ್ನು ಮತ್ತೆ ಬರೆಸುತ್ತೇನೆ. ಟಾಯ್ಲೆಟ್ ಕಾರ್ಡನ್ನು ನಾಲ್ಕು ಸಲ ಬರೆಸಿದ್ದು ನೆನಪು. ಕಳೆದ ವಾರ ಅಕ್ಕ ಪೆನ್ನು ಹಿಡಿದುಕೊಂಡು ಬಂದು, "ಇಲ್ಲಿ 'ಕ್ಲೋಸ್ ದ ಬಾಟಲ್' ಬಿಟ್ಟೀರಿ ನೋಡ್ರಿ" ಅಂತ ಕಾರ್ಡಿನ ಅಂಚಿನಲ್ಲಿ ತಾವೇ ಬರೆದರು.